ಟಾಪ್ ಗೇರಿನಲ್ಲಿ ನಲವತ್ತೈದು

ಕಾರು ಬಂದ ದಿನ ನೋಡಲು ಬಂದವರೆಲ್ಲ ಮೊದಲು ಅದರ ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿ ನೋಡಿದರು. ಡಿಕ್ಕಿ ಎಲ್ಲಿ ಎಂದು ಕೇಳಿದರು. ಇದೇ ಡಿಕ್ಕಿ ಎಂದರೆ ಯಾರಿಗೂ ಸಮಾಧಾನವಾಗಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿನ ರಸ್ತೆಗಳಲ್ಲಿ ಅಂಥ ಸಣ್ಣ ಪೆಟ್ರೋಲ್ ಕಾರುಗಳು ಆಗಷ್ಟೇ ಕಾಣತೊಡಗಿದ್ದವು. ಅಪ್ಪ ನೀರಾವರಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್. ಕಾರಿಗೆ ಹೆಸರು ಬರೆಸಿ ಅವರು ಎಷ್ಟು ಕಾಲ ಕಾದಿದ್ದರೆಂದರೆ, ಬರೆಸಿದಾಗ ಆಗಷ್ಟೇ ಭೌತಶಾಸ್ತ್ರದ ಎಂ.ಎಸ್ಸಿ. ಸೇರಿದ್ದ ನಾನು ಅದು ಬರುವ ಹೊತ್ತಿಗೆ ಓದು ಮುಗಿಸಿ ಮಾನ್ವಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ.

ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಎದುರಿನಿಂದ ಬರುವ ಲಾರಿ ಅವರಿಗೆ ಒಂದು ಬೂದು ಬಣ್ಣದ ಗೋಡೆಯಂತೆ ಕಾಣುತ್ತಿತ್ತಂತೆ. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ನನಗೊಬ್ಬಳಿಗೆ. ವಿಶ್ವವಿದ್ಯಾಲಯದಲ್ಲಿ ಓದುವಾಗ, ಯಾರಿಗೂ ಹೇಳದೆ, ಡ್ರೈವಿಂಗ್ ಶಾಲೆಗೆ ಸೇರಿ ಕಲಿತಿದ್ದೆ. ಹೇಳದೇ ಇರುವುದು ನನ್ನ ಸ್ವಭಾವ. ಹೇಳಿದರೆ ಕೇಳಬೇಕಾಗುತ್ತದೆ.

ಕಾರು ಯಾರು ಓಡಿಸಬೇಕೆಂಬ ಮಾತು ಎದ್ದಾಗ ದೇವದುರ್ಗದಿಂದ ನನ್ನ ಸೋದರಮಾವ ಬಂದರು. ಅವ್ವನ ಅಣ್ಣ. ಸರ್ಕಾರಿ ಜೀಪಿನ ಡ್ರೈವರ್ ಆಗಿ ದುಡಿದು ನಿವೃತ್ತರಾದವರು. ರಾಯಚೂರಿನಲ್ಲೇ ನಮ್ಮ ಮನೆಯಲ್ಲಿದ್ದು, ದಿನಾ ನನ್ನನ್ನು ಮಾನ್ವಿಗೆ ಕರೆದೊಯ್ದು ಕರೆತರುವುದೆಂದು ತಾವೇ ತೀರ್ಮಾನಿಸಿಕೊಂಡು, ಬಟ್ಟೆಬರೆ ತಂದಿದ್ದರು.

"ಕೂಸು ಹಿಂದ ಕುಂತು ತನ್ನ ಪಾಠ ಓದ್ಕೊಳ್ಳಲಿ," ಅಂದರು. "ಹೆಣ್ಣುಮಕ್ಕಳ ಕಾಲಿಗೆ ಪೆಟ್ರೋಲಿನ ಲೆಕ್ಕ ತಿಳಿಯಂಗಿಲ್ಲ ಇಂಜಿನೇರ್ ಸಾಹೇಬ್ರ. ಕಾಲು ಇಟ್ಟಲ್ಲಿಂದ ತೆಗೆಯಂಗಿಲ್ಲ ಅವರು."

"ನೀವು ಹೆಂಗ ಓಡಸ್ತೀರಿ ಮಾವ?" ಎಂದು ಕೇಳಿದೆ.

"ಮೂವತ್ತೈದಕ್ಕ ಟಾಪ್ ಗೇರು. ಇಂಜಿನ್ ಸಪ್ಪಳ ಎಷ್ಟು ಕಡಿಮಿನೋ ಎಣ್ಣಿ ಅಷ್ಟು ಕಡಿಮಿ. ಇದು ಓದೂದ್ರಿಂದ ಬರಂಗಿಲ್ಲ ಯವ್ವಾ."

ಕಾರು ಬಂದಾಗಿನಿಂದ ನಾನು ಗಂಟೆಗೆ ಐವತ್ತು ಕಿಲೋಮೀಟರಿಗೆ ಓಡಿಸುತ್ತಿದ್ದೆ, ಟಾಪ್ ಗೇರಿನಲ್ಲಿಯೇ, ಅಂದರೆ ನಾಲ್ಕನೆಯದರಲ್ಲಿ. ನನಗೆ ಅದು ಸರಿ ಅನ್ನಿಸಿತ್ತು, ಅಷ್ಟೆ. ಅಳೆದು ನೋಡಿರಲಿಲ್ಲ. ನಮ್ಮ ಕಡೆ ಪೆಟ್ರೋಲ್ ಬಂಕಿನ ಮುಂದೆ 'ಇಲ್ಲ' ಎಂಬ ಬೋರ್ಡು ಆಗಾಗ ಬೀಳುತ್ತಿತ್ತು. ಒಮ್ಮೆ ಟ್ಯಾಂಕ್ ತುಂಬಿಸಿದರೆ ಎಷ್ಟು ದೂರ ಹೋಗಬಹುದು ಎಂಬುದು ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಅಳತೆ ಎಂದರೆ ಅಪ್ಪನಿಗೆ ದೇವರು. ಕಾಲುವೆಯ ಇಳಿಜಾರನ್ನು ಕಣ್ಣಳತೆಯಲ್ಲಿ ಹೇಳುವ ಮೇಸ್ತ್ರಿಗಳನ್ನು ಅವರು ಜೀವನಪೂರ್ತಿ ಬೈದವರು. ಹೀಗಾಗಿ ಅವರು ತೀರ್ಪು ಕೊಟ್ಟರು: "ಸುಮ್ನ ಮಾತು ಬ್ಯಾಡ. ಅಳೀರಿ. ಯಾರ ಕೈಯಾಗ ಗಾಡಿ ಕಡಿಮಿ ಕುಡಿತದೋ ಅವರ ಕೈಯಾಗ ಕೀಲಿ."

ಆಗ ನಾನು ಒಪ್ಪಬಾರದಿತ್ತು. ನನ್ನ ನೌಕರಿಗೆ ನಾನೇ ಹೋಗುವುದಕ್ಕೆ ಪರೀಕ್ಷೆ ಯಾಕೆ ಎಂದು ಕೇಳಬೇಕಿತ್ತು. ಆದರೆ ಅಳತೆ ಎಂಬ ಮಾತು ನನಗೂ ದೊಡ್ಡದು. ಒಪ್ಪಿದೆ.

ಮಾನ್ವಿ ರಸ್ತೆಗೆ ಊರು ಮುಗಿಯುವಲ್ಲಿ ಒಂದು ಗ್ಯಾರೇಜ್ ಇತ್ತು. ಅಲ್ಲಿನ ಮೆಕ್ಯಾನಿಕ್‌ಗೆ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಮೈಲೇಜ್ ಅಳೆಯಲು ಅವರಲ್ಲಿ ಒಂದು ಪದ್ಧತಿ ಇತ್ತು. ಅರ್ಧ ಲೀಟರಿನ ಗಾಜಿನ ಸಲೈನ್ ಬಾಟಲಿಯನ್ನು ಬಾನೆಟ್ಟಿನೊಳಗೆ, ಸೈಲೆನ್ಸರಿಗೆ ಹೋಗುವ ಹೊಗೆ ಪೈಪಿನ ಕಾವು ತಾಗದ ಕಡೆ, ತಂತಿಯಿಂದ ಬಿಗಿಯಾಗಿ ಕಟ್ಟುವುದು. ಟ್ಯಾಂಕಿನಿಂದ ಬರುವ ಪೈಪನ್ನು ಇಂಜಿನ್ನಿನ ಪೆಟ್ರೋಲ್ ಪಂಪಿನಿಂದ ಬಿಚ್ಚಿ ಮುಚ್ಚಿಟ್ಟು, ಅದರ ಬದಲು ಬಾಟಲಿಯ ಪೈಪನ್ನು ಸೇರಿಸುವುದು. ಪಂಪು ಹೆಚ್ಚಾದ ಪೆಟ್ರೋಲನ್ನು ಹಿಂದಕ್ಕೆ ಕಳಿಸುವ ಇನ್ನೊಂದು ಪೈಪು ಇರುತ್ತದೆ. ಅದನ್ನೂ ಬಾಟಲಿಗೇ ಬಿಡುವುದು. ಇಲ್ಲದಿದ್ದರೆ ಬಾಟಲಿಯ ಪೆಟ್ರೋಲು ಸದ್ದಿಲ್ಲದೆ ಟ್ಯಾಂಕು ಸೇರಿಬಿಡುತ್ತದೆ. ಹೀಗೆ ಕಟ್ಟಿ, ಬಾಟಲಿ ತುಂಬಿಸಿ, ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಎಷ್ಟು ಕಿಲೋಮೀಟರ್ ಬಂತೆಂದು ಮೀಟರಿನಲ್ಲಿ ನೋಡುವುದು.

"ಹೋಗೋವಾಗ ಬಾಯಿ ಓಡಸ್ಲಿ, ಬರೋವಾಗ ನೀವು ಓಡಸ್ರಿ," ಅಂದರು ಉಸ್ತಾದ್, ಮಾವನಿಗೆ; ಹೆಂಗಸರಿಗೆಲ್ಲ ಅವರು ಬಾಯಿ ಎನ್ನುತ್ತಿದ್ದರು. "ಹಂಗಂದ್ರ ಒಂದೇ ಚಕ್ಕರ್‌ನಾಗ ಮುಗಿತದ. ಇಲ್ಲೆಲ್ಲಾ ಹಂಗೇ ಮಾಡೋದು."

ಅವತ್ತು ಆಷಾಢದ ಮೊದಲ ವಾರ. ಮಳೆ ಇಲ್ಲ, ಬರೀ ಗಾಳಿ. ಅಪ್ಪ ನನ್ನ ಪಕ್ಕದಲ್ಲಿ, ಮಾವ ಹಿಂದಿನ ಸೀಟಿನಲ್ಲಿ. ನಾನು ಮುಳ್ಳನ್ನು ಐವತ್ತರ ಮೇಲೆ ನಿಲ್ಲಿಸಿ ಕಲ್ಲೂರಿನ ದಿಕ್ಕಿಗೆ ಓಡಿಸಿದೆ. ಗಾಡಿ ಒಂದೆರಡು ಸಲ ಕೆಮ್ಮಿ, ಒಂದು ಜೋಳದ ಹೊಲದ ಪಕ್ಕ ನಿಂತಿತು. ಅಪ್ಪ ಮುಖ ಹತ್ತಿರ ತಂದು ಮೀಟರ್ ಓದಿದರು. ಜೊತೆಗೆ ತಂದಿದ್ದ ಕ್ಯಾನಿನಿಂದ ಬಾಟಲಿ ಮತ್ತೆ ತುಂಬಿಸಿ, ಮಾವ ಸ್ಟೀರಿಂಗ್ ಹಿಡಿದು ರಾಯಚೂರಿನ ಕಡೆ ತಿರುಗಿಸಿದರು. ಮೂವತ್ತೈದು, ಟಾಪ್ ಗೇರು. ಗಾಡಿ ನಾವು ಹೊರಟ ಗ್ಯಾರೇಜನ್ನೂ ದಾಟಿ, ಊರೊಳಗೆ ಹೋಗಿ, ಚಹಾದ ಅಂಗಡಿಯ ಮುಂದೆ ನಿಂತಿತು.

ಮಾವ ಇಳಿದು ಚಹಾ ಹೇಳಿದರು, ಅಂಗಡಿಯಲ್ಲಿ ಕೂತಿದ್ದ ಅಪರಿಚಿತರಿಗೂ. "ಗಾಡಿಗೂ ಗೊತ್ತದ ಎಲ್ಲಿ ನಿಲ್ಲಬೇಕಂತ," ಅಂದರು. ಕೀಲಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಅಪ್ಪ ನನ್ನನ್ನು ನೋಡಲಿಲ್ಲ. "ಅಳತಿ ಅಳತಿನ," ಅಂದರು.

ಸೋಮವಾರ ನಾನು ಹಿಂದಿನ ಸೀಟಿನಲ್ಲಿ ಕೂತು ಮಾನ್ವಿಗೆ ಹೊರಟೆ. ನನ್ನ ಮಡಿಲಲ್ಲಿ ಪುಸ್ತಕ. ಓದಲಿಲ್ಲ. ಊರು ದಾಟಿದ ಮೇಲೆ ಗಾಳಿ ಎದುರಿನಿಂದ ಕಾರಿನ ಮೂತಿಗೆ ಗುದ್ದತೊಡಗಿತು. ಮಾವನ ಮೂವತ್ತೈದು ಮೂವತ್ತಕ್ಕೆ ಇಳಿಯಿತು. ಟಾಪ್ ಗೇರಿನಲ್ಲಿ ಇಂಜಿನ್ ಗುಟುಗುಟು ಎಂದು ಹೊಡೆದುಕೊಂಡು ಇಡೀ ಗಾಡಿ ನಡುಗಿತು. ಅವರು ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದರು. ಗಾಡಿ ಏಳಲಿಲ್ಲ. ಬೇರೆ ದಾರಿ ಇಲ್ಲದೆ ಮೂರಕ್ಕೆ ಇಳಿಸಿದರು. ಮತ್ತೆ ಟಾಪ್. ಮತ್ತೆ ನಡುಕ. ಸಣ್ಣ ಏರು ಬಂದಲ್ಲೆಲ್ಲ ಇದೇ ಕತೆ. ಕನ್ನಡಿಯಲ್ಲಿ ಅವರ ಹಣೆಯ ಬೆವರು ಕಾಣುತ್ತಿತ್ತು.

"ಮಾವ, ಅವತ್ತು ಬರೋವಾಗ ಹಿಂಗ ನಡುಗಲಿಲ್ಲಲ್ರೀ."

"ಇವತ್ತು ಗಾಳಿ ಅದ."

"ಅವತ್ತೂ ಇತ್ತು. ನೀವು ಬರೋವಾಗ ಬೆನ್ನಿಗಿತ್ತು. ನಾ ಹೋಗೋವಾಗ ಮುಖಕ್ಕಿತ್ತು."

"ಗಾಳಿ ಲೆಕ್ಕ ಹಡಗಿಗೆ ಬೇ. ಇದು ಮೋಟಾರು."

ಅವತ್ತು ನನ್ನ ಮೊದಲ ತರಗತಿ ತಪ್ಪಿತು. ವಿದ್ಯಾರ್ಥಿಗಳು ಆಗಲೇ ಎದ್ದು ಹೋಗಿದ್ದರು. ಖಾಲಿ ಬೆಂಚುಗಳ ಮುಂದೆ ನಿಂತು ಕಪ್ಪು ಹಲಗೆಯ ಮೇಲೆ, ವೇಗ ಏರಿದಂತೆ ಪೆಟ್ರೋಲಿನ ಖರ್ಚು ತೋರಿಸುವ ಎರಡು ಗೆರೆ ಎಳೆದೆ. ನಿಧಾನಕ್ಕೆ ಹೋದಷ್ಟೂ ಒಂದೊಂದು ಕಿಲೋಮೀಟರಿಗೂ ಇಂಜಿನ್ ಹೆಚ್ಚು ಹೊತ್ತು ತಿರುಗಬೇಕು. ತನ್ನನ್ನು ತಾನು ತಿರುಗಿಸಿಕೊಳ್ಳಲಿಕ್ಕೇ ಅದು ಪೆಟ್ರೋಲ್ ಸುಡುತ್ತದೆ. ಇದು ಇಳಿಯುವ ಗೆರೆ. ಜೋರಾಗಿ ಹೋದಷ್ಟೂ ಗಾಳಿಯ ತಡೆ ಬೆಳೆಯುತ್ತದೆ, ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಇದು ಏರುವ ಗೆರೆ. ಎರಡನ್ನೂ ಕೂಡಿಸಿದರೆ ನಡುವೆ ಎಲ್ಲೋ ಒಂದು ತಗ್ಗು ಇರಲೇಬೇಕು. ಅದು ಮಾವನ ಮೂವತ್ತೈದರಲ್ಲಿದೆಯೋ ನನ್ನ ಐವತ್ತರಲ್ಲಿದೆಯೋ, ಬೇರೆಲ್ಲಾದರೂ ಇದೆಯೋ, ಗ್ಯಾರೇಜಿನ ಆ ಒಂದು ಚಕ್ಕರ್ ಹೇಳಿರಲಿಲ್ಲ. ಅದು ಹೇಳಿದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನಷ್ಟೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರಿಗೆ ತಿಳಿಯಿತು. ತಿಳಿದದ್ದು ಮುಖದಲ್ಲಿ ಕಂಡಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ನಿಮ್ಮವ್ವನ ಅಣ್ಣ ಅವ್ರು. ಒಮ್ಮಿ ಒಪ್ಪಿದ ಮ್ಯಾಲ ಮತ್ತ ಮತ್ತ ಕೇಳಿದ್ರ ಏನ್ ತಿಳ್ಕೋತಾರ?"

"ನಾ ಒಪ್ಪಿದ್ದು ಅಳತಿಗೆ ಯಪ್ಪಾ. ಅದು ಅಳತಿ ಅಲ್ಲ."

ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವಳು. ಕವಿತಾಳದ ಸುತ್ತಲಿನ ಹಳ್ಳಿಗಳನ್ನೆಲ್ಲ ನಡೆದೇ ತಿರುಗಿದವಳು. ಈ ಕಾರಿನ ವಿಷಯದಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಮೊರ ಬದಿಗಿಟ್ಟು ಎದ್ದು ಹೋಗಿ, ಕಪಾಟಿನಿಂದ ಕಾರಿನ ಎರಡನೇ ಕೀಲಿ ತಂದು ನನ್ನ ಮುಂದಿಟ್ಟಳು.

"ಐತವಾರ ಅಣ್ಣ ದೇವದುರ್ಗಕ್ಕ ಹೊಕ್ಕಾನ. ಸಂಜಿ ಬರ್ತಾನ," ಅಂದಳು. "ಅವತ್ತ ಹೋಗೋಣು. ಬಾಟ್ಲಿ ನಾ ಓದ್ತೀನಿ. ಸಲೈನ್ ಬಾಟ್ಲಿ ಓದೂದು ನನಗ ಯಾರೂ ಕಲಿಸಬೇಕಾಗಿಲ್ಲ."

ಅಪ್ಪ ಪೇಪರನ್ನು ಮುಖದವರೆಗೆ ಎತ್ತಿಕೊಂಡರು. "ನಾ ಏನೂ ನೋಡ್ಲಿಲ್ಲ ಅಂತ ತಿಳ್ಕೊರಿ," ಅಂದರು ಅದರ ಹಿಂದಿನಿಂದ.

ಭಾನುವಾರ ಬೆಳಗ್ಗೆ ಉಸ್ತಾದ್ ಬಾಟಲಿ ಕಟ್ಟಿಕೊಟ್ಟರು. ಗಾಡಿ ನಿಲ್ಲುವವರೆಗೆ ಓಡಿಸುವುದಿಲ್ಲ, ಹೋಗುವುದು ಬರುವುದು ಎರಡನ್ನೂ ಅಳೆಯುತ್ತೇನೆ ಎಂದಾಗ ಅವರು ಗಡ್ಡ ಕೆರೆದುಕೊಂಡರು.

"ಹಂಗಾದ್ರ ದಿನಾ ಪೂರಾ ಹೊಕ್ಕದ ಬಾಯಿ."

"ಹೋಗ್ಲಿ ಬಿಡ್ರಿ."

ಗಾಡಿ ನಿಲ್ಲುವವರೆಗೆ ಓಡಿಸಿದರೆ ಒಂದೊಂದು ಸಲ ಒಂದೊಂದು ಜಾಗ. ಒಂದು ಸಲ ಏರು ಸಿಗುತ್ತದೆ, ಇನ್ನೊಂದು ಸಲ ಸಿಗುವುದಿಲ್ಲ. ಅದಕ್ಕೆ ಎಂಟು ಕಿಲೋಮೀಟರ್ ಅಂತರದ ಎರಡು ಕಲ್ಲುಗಳನ್ನು ಗುರುತು ಮಾಡಿಕೊಂಡೆ. ಆ ಕಲ್ಲಿನಿಂದ ಈ ಕಲ್ಲಿಗೆ, ಈ ಕಲ್ಲಿನಿಂದ ಆ ಕಲ್ಲಿಗೆ. ಪ್ರತಿ ಕಲ್ಲಿನ ಹತ್ತಿರ ಇಂಜಿನ್ ಆರಿಸಿ, ಬಾನೆಟ್ ಎತ್ತಿ, ಬಾಟಲಿಯಲ್ಲಿ ಉಳಿದದ್ದನ್ನು ಓದುವುದು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಬಗ್ಗಿಸಿ, ಕಣ್ಣನ್ನು ಗೆರೆಯ ಸಮಕ್ಕೆ ತಂದು ಓದುತ್ತಿದ್ದಳು. ಖರ್ಚಾದದ್ದನ್ನು ಕ್ಯಾನಿನಿಂದ ತುಂಬಿಸಿ, ಮತ್ತೆ ಹಿಂದಕ್ಕೆ. ಹೋದದ್ದು ಬಂದದ್ದು ಕೂಡಿಸಿ ಅರ್ಧ ಮಾಡಿದರೆ ಗಾಳಿಯ ಪಕ್ಷಪಾತ ಬಹುಮಟ್ಟಿಗೆ ಕಳೆಯುತ್ತದೆ.

ಓಡುವಾಗ ಅವ್ವ ಪಕ್ಕದಿಂದ ಮುಳ್ಳನ್ನೇ ನೋಡುತ್ತಿದ್ದಳು. "ಇಳೀತು," ಅನ್ನುತ್ತಿದ್ದಳು. "ಏರ್ತು. ಹಾಂ, ಈಗ ಸುಮ್ಮನದ."

ಅರವತ್ತರಲ್ಲಿ ಬಾಟಲಿ ಎಲ್ಲಕ್ಕಿಂತ ಹೆಚ್ಚು ಇಳಿಯಿತು. ಅದು ನಿರೀಕ್ಷಿಸಿದ್ದೇ. ಐವತ್ತರಲ್ಲಿ ಕಡಿಮೆ. ನಲವತ್ತೈದರಲ್ಲಿ ಇನ್ನೂ ಕಡಿಮೆ. ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಐವತ್ತೇ ಗೆಲ್ಲಲಿ ಎಂದು ಒಳಗೊಳಗೆ ಬಯಸಿದ್ದೆ. ಆಮೇಲೆ ಮಾವನ ಮೂವತ್ತೈದು. ಬರುವಾಗ ಗಾಳಿ ತಳ್ಳಿದ್ದರಿಂದ ಅದು ಬಹಳ ಕಡಿಮೆ ಕುಡಿಯಿತು. ಹೋಗುವಾಗ ಏರುಗಳಲ್ಲಿ ನಡುಗಿ, ಮೂರನೇ ಗೇರನ್ನು ಬೇಡಿ, ಉಳಿಸಿದ್ದನ್ನೆಲ್ಲ ಕಳೆಯಿತು. ಎರಡೂ ಕೂಡಿದಾಗ ನಲವತ್ತೈದಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು, ನನ್ನ ಐವತ್ತರ ಹತ್ತಿರ ಹತ್ತಿರ.

ಗೇರಿನ ವಿಷಯವೂ ತಿಳಿಯಬೇಕಿತ್ತು. ಅದೇ ನಲವತ್ತೈದನ್ನು ಮೂರನೇ ಗೇರಿನಲ್ಲಿ ಓಡಿಸಿದೆ. ರಸ್ತೆ ಅಷ್ಟೇ, ವೇಗ ಅಷ್ಟೇ, ಆದರೆ ಇಂಜಿನ್ ಹೆಚ್ಚು ಸುತ್ತು ತಿರುಗಬೇಕು. ಅವ್ವ ಬಾಟಲಿ ನೋಡಿ ತನ್ನ ತೋರುಬೆರಳನ್ನು ಗಾಜಿಗೆ ಅಡ್ಡ ಹಿಡಿದಳು. ಟಾಪ್ ಗೇರಿಗಿಂತ ಒಂದು ಬೆರಳು ಹೆಚ್ಚು ಹೋಗಿತ್ತು.

"ಒದರೋ ಕೂಸು ಹೆಚ್ಚು ಹಾಲು ಕುಡಿತದ," ಅಂದಳು.

"ಹಂಗಂದ್ರ ಮಾವ ಹೇಳಿದ್ದು ಅರ್ಧ ಖರೇ ಯವ್ವಾ. ಟಾಪ್ ಗೇರೇ ಸರಿ. ಆದ್ರ ಗಾಡಿ ನಡುಗದಂಗ ಎಳಿಯೋವಷ್ಟು ವೇಗ ಇರ್ಬೇಕು. ಅದಕ್ಕಿಂತ ಕೆಳಗ ಇಳಿದು ತುಳುದ್ರ ನುಕ್ಸಾನ."

ಬಿಸಿಲು ಏರಿದ ಮೇಲೆ, ಗಾಳಿ ಬದಲಾಗಿರಬಹುದೆಂಬ ಸಂಶಯಕ್ಕೆ, ನಲವತ್ತೈದನ್ನು ಟಾಪ್ ಗೇರಿನಲ್ಲಿ ಮತ್ತೊಮ್ಮೆ ಅಳೆದೆ. ಬೆಳಗಿನ ಗೆರೆಗೇ ಬಂದು ನಿಂತಿತು. ಅವ್ವ ಕಲ್ಲಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಲಾರಿಯವನೊಬ್ಬ ನಿಧಾನ ಮಾಡಿ, ಬಾನೆಟ್ ಎತ್ತಿದ ಕಾರನ್ನೂ ಇಬ್ಬರೇ ಹೆಂಗಸರನ್ನೂ ನೋಡಿ, ಏನಾಯಿತೆಂದು ಕೇಳಿದ. "ಏನೂ ಆಗಿಲ್ರಿ, ಉಣ್ಣಾಕತ್ತೀವಿ," ಅಂದಳು ಅವ್ವ.

ಸಂಜೆ ಮಾವ ಬಂದರು. ವಿಷಯ ಅವರಿಗೆ ಆಗಲೇ ಗ್ಯಾರೇಜಿನಿಂದ ಮುಟ್ಟಿತ್ತು. ಅಂಗಳದಲ್ಲಿ ನಿಂತೇ ಕೇಳಿದರು.

"ನನ್ನ ಬೆನ್ನ ಹಿಂದ ಅಳದು ಬಂದಿ. ಏನು ಸಿಕ್ತು?"

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ, ನನ್ನ ಐವತ್ತೂ ತಪ್ಪು ಎಂಬುದನ್ನು ಸೇರಿಸಿ.

ಮಾವ ನಕ್ಕರು. "ಅಂದ್ರ ನೀನೂ ಸೋತಿ. ಇಂಜಿನೇರ್ ಸಾಹೇಬ್ರ, ಕೇಳಿದ್ರೇನು? ಹಂಗಾದ್ರ ಕೀಲಿ ಇದ್ದಲ್ಲೇ ಇರ್ಲಿ."

"ಸೋತೀನ್ರಿ. ಆದ್ರ ನಲವತ್ತೈದು ಅನ್ನೂದು ಗಾಡಿದು ಮಾವ, ನಂದಲ್ಲ, ನಿಮ್ದೂ ಅಲ್ಲ. ಯಾರು ಕುಂತರೂ ಅದು ಅಷ್ಟೇ ಕುಡಿತದ. ಹೆಣ್ಣಿನ ಕಾಲು, ಗಂಡಿನ ಕಾಲು ಅಂತ ಬಾಟ್ಲಿಗೆ ಗೊತ್ತಾಗಂಗಿಲ್ಲ. ಹಂಗಿದ್ದ ಮ್ಯಾಲ ನನ್ನ ನೌಕರಿಗೆ ನಾನ ಓಡಿಸ್ಕೊಂಡು ಹೊಕ್ಕೀನಿ. ನಾಳಿಂದ."

ನನ್ನ ಧ್ವನಿ ಏರಿರಲಿಲ್ಲ. ಹಿರಿಯರ ಎದುರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಮಾವ ಅಪ್ಪನ ಕಡೆ ತಿರುಗಿದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, "ಆಕಿ ಹೇಳಿದ್ದು ಸರಿ ಅದ. ನಾನ ಪಂದ್ಯಾ ಕಟ್ಟಬಾರದಿತ್ತು," ಅಂದರು.

"ನಾಳೆ ಬಾಜೂ ಕುಂದರ್ತೀನಿ," ಅಂದರು ಮಾವ. "ನೋಡೇ ಬಿಡೂನು. ನಲವತ್ತೈದರಾಗ ಮಾನ್ವಿ ತನಾ ಹೋಗೂದು ಅಂದ್ರ ಆಟ ಅಲ್ಲ. ಕಾಲು ಕೇಳಂಗಿಲ್ಲ."

ಮರುದಿನ ಬೇಗ ಹೊರಟೆವು. ಊರು ದಾಟಿ ಮುಳ್ಳನ್ನು ನಲವತ್ತೈದಕ್ಕೆ ತಂದೆ. ಮೊದಲು ಒಂದು ಲಾರಿ ದಾಟಿತು. ಆಮೇಲೆ ಮೋಟರ್ ಸೈಕಲ್ ಮೇಲೆ ಮೂವರು, ತಿರುಗಿ ತಿರುಗಿ ನೋಡುತ್ತಾ. ಮಾವನ ಬಲಗಾಲು ತಾನಾಗಿಯೇ ಮುಂದೆ ಒತ್ತುತ್ತಿತ್ತು. ಅವರ ಪಾದದ ಕೆಳಗೆ ಬರೀ ಚಾಪೆ ಇತ್ತು. ಕಲ್ಲೂರಿನ ಹತ್ತಿರ ಹಿಂದೆ ಬಸ್ಸು ಬಂತು. ಹಾರನ್ ಮೇಲೆ ಹಾರನ್.

"ಒತ್ತು ಬೇ, ಒತ್ತು. ಬಸ್ ದಾಟಾಕತ್ತದ."

"ದಾಟ್ಲಿ ಬಿಡ್ರಿ."

"ಮರ್ಯಾದಿ ಅನ್ನೂದು ಒಂದು ಅದ."

"ಅದು ಬಾಟ್ಲಿಯಾಗ ಇಲ್ರಿ."

ಬಸ್ಸು ನಮ್ಮ ಪಕ್ಕಕ್ಕೆ ಬಂತು. ಡ್ರೈವರ್ ಮಾವನ ಹಳೆಯ ಪರಿಚಯದವನು. ಸೀಟಿನಿಂದ ಎಡಗಡೆಯ ಕಿಟಕಿಯತ್ತ ಬಗ್ಗಿ ಕೂಗಿದ: "ಏನ್ರೀ, ರಿಟೈರಾದ ಮ್ಯಾಲ ಹೆಣ್ಣುಮಗಳ ಕೈಯಾಗ ಜೀವ ಕೊಟ್ಟು ಕುಂತೀರೇನು?" ಬಸ್ಸಿನೊಳಗಿನವರು ನಕ್ಕದ್ದು ಕೇಳಿಸಿತು. ಮಾವನ ಕುತ್ತಿಗೆ ಕೆಂಪಾಯಿತು. ಅವರು ನನಗೆ ಬೈಯುತ್ತಾರೆಂದು ಕಾದೆ. ಬದಲಿಗೆ ತಲೆ ಹೊರಗೆ ಹಾಕಿ, "ಮುಂದ ನಡೀಲೇ. ನಿಂದು ಸರ್ಕಾರಿ ಎಣ್ಣಿ, ಸುಡು," ಎಂದು ಕೂಗಿದರು.

ಆಮೇಲೆ ಮಾವ ಕಿಟಕಿಯ ಗಾಜು ಏರಿಸಿದರು. ಒಂದು ಏರಿನಲ್ಲಿ ಗಾಡಿ ಭಾರವಾಗಿ, ಮುಳ್ಳು ನಲವತ್ತಕ್ಕಿಂತ ಕೆಳಗೆ ಇಳಿದು, ಇಂಜಿನ್ ನಡುಗುವ ಮೊದಲೇ ಮೂರಕ್ಕೆ ಇಳಿಸಿದೆ. ನೆತ್ತಿ ದಾಟಿದ ಮೇಲೆ ಟಾಪ್. ಅವರು ನನ್ನ ಕೈಯನ್ನು ನೋಡಿದರು. ಮೆಚ್ಚಿದರೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಮಾನ್ವಿ ಬಸ್ ನಿಲ್ದಾಣದ ಹತ್ತಿರ ಇಳಿಸು ಅಂದರು. ಇಳಿದು, ದೇವದುರ್ಗದ ಬಸ್ಸು ಯಾವಾಗ ಎಂದು ಕೇಳಲು ಕಂಟ್ರೋಲರನ ಕಿಟಕಿಯ ಕಡೆ ಹೋದರು. ವಾರದ ಕೊನೆಗೆ ಅವ್ವ ಅವರ ಬಟ್ಟೆಬರೆ ಮಡಿಚಿ ಕಳಿಸಿದಳು, ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ.

ಅಲ್ಲಿಂದ ಎರಡು ವರ್ಷ ದಿನಾ ಆ ರಸ್ತೆಯಲ್ಲಿ ಓಡಾಡಿದೆ. ನಲವತ್ತೈದರಲ್ಲಿ. ಬೇಗ ಎದ್ದು, ಬೇಗ ಹೊರಟು. ನನ್ನನ್ನು ದಾಟದ ವಾಹನವಿಲ್ಲ. ಟ್ರ್ಯಾಕ್ಟರುಗಳಷ್ಟೇ ಹಿಂದೆ ಉಳಿಯುತ್ತಿದ್ದವು. ಹಾರನ್ ಹೊಡೆಯುವವರು, ಕಿಟಕಿಯ ಪಕ್ಕಕ್ಕೆ ಬಂದು 'ಒತ್ತ್ರಿ ಅಕ್ಕಾರ' ಎಂದು ಕೈಸನ್ನೆ ಮಾಡುವವರು, ಹೆಂಗಸು ಎಂದು ಗೊತ್ತಾದ ಮೇಲೆ ಬೇಕೆಂದೇ ಮುಂದೆ ಬಂದು ನಿಧಾನ ಮಾಡುವವರು. ಸ್ಟಾಫ್ ರೂಮಿನಲ್ಲಿ ನನಗೆ ಒಂದು ಅಡ್ಡಹೆಸರು ಇದೆಯೆಂದು ಕೇಳಿದ್ದೆ. ಅದು ಏನೆಂದು ವಿಚಾರಿಸಲಿಲ್ಲ. ಅವಸರ ಇರುವವರಿಗೆ ಈಗಲೂ ಎಡಕ್ಕೆ ಸರಿದು ದಾರಿ ಕೊಡುತ್ತೇನೆ. ಅದಕ್ಕಿಂತ ಹೆಚ್ಚಿನದು ನನ್ನಿಂದ ಯಾರಿಗೂ ಬರಬೇಕಾಗಿಲ್ಲ. ಕಾಲನ್ನು ಇಟ್ಟಲ್ಲೇ ಇಡುತ್ತೇನೆ.